ಬಿಎಂಸಿ ಕಂಪನಿಯವರ ಜೊತೆ ನಡೆದ ಕರೆಯ ಟಿಪ್ಪಣಿ: ಕಳಿಸುವ ಮೊದಲು ಒಮ್ಮೆ ನೋಡಿ ಹೇಳಿ

ಹಾಲಿನಡೇರಿ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಹಾಲು ತಣ್ಣಗೆ ಮಾಡಿ ಇಡುವ 1,000 ಲೀಟರಿನ ತೊಟ್ಟಿ, ಅಂದರೆ ಬಿಎಂಸಿ ಇದೆ. ಬೆಳಿಗ್ಗೆ ಸುಮಾರು 480, ಸಂಜೆ 400 ಲೀಟರ್ ಹಾಲು ಬರುತ್ತದೆ. ಬೆಳಗಿನ ಜಾವ ಟ್ಯಾಂಕರ್ ಬಂದು ಒಯ್ಯುತ್ತದೆ.

ಮೇ ತಿಂಗಳಿಂದ ಹಾಲು ಸರಿಯಾಗಿ ತಣ್ಣಗಾಗುತ್ತಿಲ್ಲ. ದೂರು ಕೊಟ್ಟಾಗೆಲ್ಲ ಕಂಪನಿಯ ಹುಡುಗ ಬಂದು ಗ್ಯಾಸ್ ಹಾಕಿ ಹೋಗುತ್ತಾನೆ. ಹೀಗೆ ಮೂರು ಸಲ ಆಯಿತು. ಜೂನ್ 18ರ ಬೆಳಿಗ್ಗೆ ಟ್ಯಾಂಕರಿನವರು ಪರೀಕ್ಷೆ ಮಾಡಿದಾಗ ಸಿಒಬಿ ಪಾಸಿಟಿವ್ ಬಂತು, ಅಂದರೆ ಕಾಯಿಸಿದರೆ ಹಾಲು ಒಡೆಯುತ್ತಿತ್ತು. 860 ಲೀಟರ್ ಹಾಲನ್ನೂ ವಾಪಸ್ ಬಿಟ್ಟು ಹೋದರು. ಆ ಹಾಲಿನ ಮುಂದೆ ನಿಂತಾಗ ಆದ ಸಂಕಟ ಹೇಳಲಾರೆ. ಅದರಲ್ಲಿ ಒಂದೇ ಹಸು ಇಟ್ಟುಕೊಂಡವರ ಹಾಲೂ ಇತ್ತು.

ನಿನ್ನೆ, ಅಂದರೆ 19ರಂದು, ಕಂಪನಿಯ ಸರ್ವಿಸ್ ಮ್ಯಾನೇಜರ್ ಫೋನಿಗೆ ಸಿಕ್ಕರು. 22 ನಿಮಿಷ ಮಾತಾಡಿದೆವು. ಅದನ್ನು ಹೀಗೆ ಬರೆದುಕೊಂಡಿದ್ದೇನೆ:

"ಬಿಎಂಸಿಯಲ್ಲಿ ಗ್ಯಾಸ್ ಸಮಸ್ಯೆ ಇರುವುದನ್ನು ತಿಳಿಸಲಾಯಿತು. ವೋಲ್ಟೇಜ್ ಸಮಸ್ಯೆ ಇರಬಹುದು ಎಂದು ಮ್ಯಾನೇಜರ್ ಹೇಳಿದರು. ಆದಷ್ಟು ಬೇಗ ಇಂಜಿನಿಯರ್ ಕಳಿಸಿ ಸರಿಪಡಿಸಿ ಕೊಡುವುದಾಗಿ ಒಪ್ಪಿದರು. ಹಾಳಾದ ಹಾಲಿನ ಬಗ್ಗೆ ಮೇಲಿನವರ ಜೊತೆ ಮಾತಾಡುವುದಾಗಿ ಹೇಳಿದರು."

ಇದನ್ನು ಮೇಲ್ ಮಾಡಿದರೆ ಸಾಕೇ? ಅಧ್ಯಕ್ಷರು ಮೊದಲು ಯಾರಿಗಾದರೂ ತೋರಿಸು ಅಂದರು.

ಮಂಡ್ಯದ_ಹುಡುಗ

ಸಾಕಾಗಲ್ಲ ಅಕ್ಕ. "ಆದಷ್ಟು ಬೇಗ" ಅಂದರೆ ಯಾವಾಗ?

ಹಟ್ಟಿಮನೆ

ಒಡೆದ ಹಾಲಿಗೆ ರೈತರಿಗೆ ದುಡ್ಡು ಕೊಟ್ಟಿರಾ ಇಲ್ಲವಾ? ನಮ್ಮೂರಲ್ಲಿ ಹೋದ ವರ್ಷ ಹೀಗೇ ಆಯ್ತು. ಹಾಲು ಹಾಕಿದವರ ಲೆಕ್ಕದಲ್ಲೇ ಕಳೆದುಬಿಟ್ಟರು.

ಹಾಲಿನಡೇರಿ_ಅಕ್ಕ

ಅಣ್ಣ, ಕೊಟ್ಟಿದ್ದೇವೆ. ಲೀಟರಿಗೆ 35ರಂತೆ 30,100 ರೂಪಾಯಿ ಸಂಘದ ಹಣದಿಂದಲೇ ಹೋಯಿತು. ಯಾರ ಲೆಕ್ಕದಲ್ಲೂ ಕಳೆದಿಲ್ಲ. ಈಗ ಕೇಳುತ್ತಿರುವುದು ಕಂಪನಿಗೆ ಕಳಿಸುವ ಟಿಪ್ಪಣಿಯ ಬಗ್ಗೆ.

ಕಂಡೆನ್ಸರ್_ಅಣ್ಣ

ಇಪ್ಪತ್ತು ವರ್ಷದಿಂದ ಕೋಲ್ಡ್ ರೂಮು, ಬಿಎಂಸಿ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಟಿಪ್ಪಣಿಯ ಮೊದಲ ಸಾಲೇ ನಿಮಗೆ ತೊಂದರೆ ಕೊಡುತ್ತದೆ. "ಗ್ಯಾಸ್ ಸಮಸ್ಯೆ" ಅನ್ನುವುದು ನಿಮ್ಮ ಊಹೆ. "ವೋಲ್ಟೇಜ್ ಸಮಸ್ಯೆ" ಅವರ ಊಹೆ. ಎರಡು ಊಹೆ ಎದುರುಬದುರು ಕೂತರೆ ವಾದ ಮುಗಿಯುವುದೇ ಇಲ್ಲ. ಮಿಷನ್ ಏನು ಮಾಡಿತು ಅನ್ನುವುದನ್ನು ಬರೆಯಿರಿ. ಎಷ್ಟು ಹೊತ್ತಿಗೆ ಎಷ್ಟು ಲೀಟರ್ ಹಾಕಿದಿರಿ, ಮೂರು ಗಂಟೆ ಆದಮೇಲೆ ಎಷ್ಟು ಡಿಗ್ರಿ ಇತ್ತು, ಪ್ಯಾನೆಲ್ ಮೇಲೆ ಯಾವ ಕೆಂಪು ದೀಪ ಹತ್ತಿತು. ಅದನ್ನು ಯಾರೂ ಅಲ್ಲಗಳೆಯಲಾಗದು.

ಇನ್ನೊಂದು ವಿಷಯ. ಗ್ಯಾಸ್ ಅನ್ನುವುದು ಡೀಸೆಲ್ ಥರ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಮೂರು ಸಲ ಹಾಕಬೇಕಾಯಿತು ಅಂದರೆ ಎಲ್ಲೋ ಸೋರುತ್ತಿದೆ. ಅವರು ಬಂದ ತಾರೀಕುಗಳು ನಿಮ್ಮ ಹತ್ತಿರ ಇವೆಯಾ?

ಹಾಲಿನಡೇರಿ_ಅಕ್ಕ

ಇವೆ ಸರ್. ಮೇ 9, ಮೇ 27, ಜೂನ್ 11. ಮೂರಕ್ಕೂ ಸರ್ವಿಸ್ ಚೀಟಿ ಇದೆ. ಮೂರರಲ್ಲೂ "ಗ್ಯಾಸ್ ಟಾಪ್‌ಅಪ್ ಮಾಡಲಾಗಿದೆ, ಮಿಷನ್ ಸರಿ ಇದೆ" ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡಿದ್ದಾರೆ. ಎಷ್ಟು ಕೇಜಿ ಹಾಕಿದರು ಅಂತ ಬರೆದಿಲ್ಲ.

ದಿನಾ ಡಿಗ್ರಿ ಬರೆಯುವ ಪುಸ್ತಕವೂ ಇದೆ. ಸರಿಯಿದ್ದಾಗ 8:10ಕ್ಕೆ ಹಾಲು ಹಾಕಿ ಮುಗಿದರೆ 10:50ರ ಹೊತ್ತಿಗೆ 4 ಡಿಗ್ರಿಗೆ ಬರುತ್ತಿತ್ತು. ಜೂನ್ 16ರಂದು 11:10ಕ್ಕೆ ನೋಡಿದಾಗ 12 ಇತ್ತು. 17ರಂದು ಅದೇ ಹೊತ್ತಿಗೆ 16. ಅವತ್ತು ರಾತ್ರಿ 9 ಗಂಟೆಗೆ 21. ಮಿಷನ್ ಎರಡು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಮಾಡುತ್ತಿತ್ತು. ನಿಂತಾಗಲೆಲ್ಲ LP ಅಂತ ಬರೆದಿರುವ ಕಡೆ ಕೆಂಪು ದೀಪ ಹತ್ತುತ್ತಿತ್ತು. ಬೆಳಿಗ್ಗೆ 5ಕ್ಕೆ 17 ಡಿಗ್ರಿ.

ಕಂಡೆನ್ಸರ್_ಅಣ್ಣ

ಮೇಡಂ, ಇಷ್ಟನ್ನೆಲ್ಲ ಪುಸ್ತಕದಲ್ಲಿ ಇಟ್ಟುಕೊಂಡು ಟಿಪ್ಪಣಿಯಲ್ಲಿ "ಗ್ಯಾಸ್ ಸಮಸ್ಯೆ" ಅಂತ ಒಂದೇ ಮಾತು ಬರೆದಿದ್ದೀರಲ್ಲ!

ತಾರೀಕು ನೋಡಿ. ಮೊದಲ ಸಲದಿಂದ ಎರಡನೇ ಸಲಕ್ಕೆ 18 ದಿನ. ಎರಡರಿಂದ ಮೂರಕ್ಕೆ 15. ಮೂರನೇ ಸಲ ಹಾಕಿದ ಐದೇ ದಿನಕ್ಕೆ ಮತ್ತೆ ಶುರುವಾಯಿತು. ಸೋರುವ ಜಾಗ ದೊಡ್ಡದಾಗುತ್ತಿದೆ. ಈ ಮೂರು ತಾರೀಕು ಒಟ್ಟಿಗೆ ಒಂದೇ ಸಾಲಿನಲ್ಲಿ ಬರಬೇಕು.

ಕರೆಂಟುಮನೆ

ವೋಲ್ಟೇಜ್ ಅಂತ ಅವರು ಹೇಳಿದ್ದನ್ನು ಹಾಗೆ ತಳ್ಳಿಹಾಕಬೇಡಿ. ಹಳ್ಳಿ ಕಡೆ ಸಂಜೆ ಹೊತ್ತು ಪಂಪ್‌ಸೆಟ್ ಎಲ್ಲ ಶುರುವಾದರೆ ವೋಲ್ಟೇಜ್ 350ಕ್ಕೆ ಇಳಿಯುತ್ತೆ. ಕಂಪ್ರೆಸರ್ ಟ್ರಿಪ್ ಆಗುವುದು ಬಹುಪಾಲು ಅದರಿಂದಲೇ. ನಾನು ನೋಡಿರುವ ಹತ್ತರಲ್ಲಿ ಎಂಟು ಹಾಗೇ.

ಕಂಡೆನ್ಸರ್_ಅಣ್ಣ

ವೋಲ್ಟೇಜ್ ಇಳಿದರೆ ಟ್ರಿಪ್ ಆಗುತ್ತೆ, ನಿಜ. ಆದರೆ ಆಗ ಕರೆಂಟು ನೋಡುವ ಎಸ್‌ಪಿಪಿ ರಿಲೇ ಬೀಳುತ್ತೆ, ಅಥವಾ ಓವರ್‌ಲೋಡ್ ಬೀಳುತ್ತೆ. ಎಲ್‌ಪಿ ದೀಪ ಹತ್ತಲ್ಲ. ಎಲ್‌ಪಿ ಸ್ವಿಚ್ ನೋಡುವುದು ಪೈಪಿನೊಳಗಿನ ಒತ್ತಡ ಇಳಿದಿದೆಯೇ ಅನ್ನುವುದನ್ನು, ಕರೆಂಟನ್ನಲ್ಲ. ಕಂಡೆನ್ಸರಿನ ರೆಕ್ಕೆಗಳಲ್ಲಿ ಹೊಟ್ಟು, ಧೂಳು ತುಂಬಿದ್ದರೆ ಅದು ಬೇರೆ ಕಥೆ, ಒತ್ತಡ ಏರುತ್ತೆ. ಆಗ ಎಚ್‌ಪಿ ಬೀಳುತ್ತೆ. ಯಾವ ದೀಪ ಅನ್ನುವುದು ಅದಕ್ಕೇ ಮುಖ್ಯ.

ಕರೆಂಟುಮನೆ

ಸರಿ, ಎಲ್‌ಪಿ ಮಾತು ಒಪ್ಪಿದೆ. ಆದರೂ ವೋಲ್ಟೇಜ್ ಓದಿ ಬರೆದಿಡಿ. ಇಲ್ಲದಿದ್ದರೆ ನಾಳೆ ಕಂಪ್ರೆಸರ್ ಸುಟ್ಟಾಗ ಅದೇ ಮಾತು ಮತ್ತೆ ಬರುತ್ತೆ. ಸ್ಟೆಬಿಲೈಸರ್ ಇದೆಯಾ?

ಹಾಲಿನಡೇರಿ_ಅಕ್ಕ

ಇದೆ. ಸಂಜೆ ಒಳಗೆ ಬರುವ ಕಡೆ 352 ತೋರಿಸಿದ್ದು ನಿಜ. ಅದೇ ಹೊತ್ತಿಗೆ ಸ್ಟೆಬಿಲೈಸರಿನಿಂದ ಹೊರಬರುವ ಕಡೆ ಮೂರು ಫೇಸ್‌ಗಳಲ್ಲಿ 405, 398, 401 ಇತ್ತು. ಫೋಟೋ ತೆಗೆದಿದ್ದೇನೆ.

ಕರೆಂಟುಮನೆ

ಹಾಗಿದ್ದರೆ ನೀವು ಗೆದ್ದಿರಿ. ಎರಡೂ ಕಡೆಯ ಓದು ಹಾಕಿ. 352 ಇದ್ದದ್ದನ್ನು ಮುಚ್ಚಿಡಬೇಡಿ.

ಲಿಫ್ಟ್_ಕಮಿಟಿ

ನಾನು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಕಮಿಟಿಯಲ್ಲಿದ್ದೇನೆ. ನಮ್ಮ ಲಿಫ್ಟ್ ಕಥೆಯೂ ಇದೇ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. "48 ಗಂಟೆಯೊಳಗೆ ಅಟೆಂಡ್ ಮಾಡುತ್ತೇವೆ" ಅಂದರು, ನಾವು ಹಾಗೇ ಬರೆದುಕೊಂಡೆವು. 47ನೇ ಗಂಟೆಗೆ ಒಬ್ಬ ಬಂದ, ಫೋಟೋ ತೆಗೆದ, ಹೋದ. ಕೇಳಿದರೆ ಅಟೆಂಡ್ ಆಗಿದೆಯಲ್ಲ ಅಂದರು. ಬರುವುದಕ್ಕೆ ಒಂದು ತಾರೀಕು, ಸರಿಯಾಗುವುದಕ್ಕೆ ಒಂದು ತಾರೀಕು ಅಂತ ಬೇರೆ ಬೇರೆ ಬರೆಸಿಕೊಳ್ಳಬೇಕಿತ್ತು. ಮೂರು ವಾರ ಅಜ್ಜ ಅಜ್ಜಿಯರು ಮೆಟ್ಟಿಲು ಹತ್ತಿದರು.

ಸರ್ವಿಸ್_ಡೆಸ್ಕ್

ನಾನು ಎಂಟು ವರ್ಷ ಇಂಥದೇ ಒಂದು ಕಂಪನಿಯ ಸರ್ವಿಸ್ ಡೆಸ್ಕ್‌ನಲ್ಲಿ ಕೂತಿದ್ದೆ. ಆಚೆ ಕಡೆ ಏನಾಗುತ್ತದೆ ಅನ್ನುವುದು ಗೊತ್ತಿರುವುದರಿಂದ ಹೇಳುತ್ತೇನೆ.

ಮೇಡಂ, ನೀವು ಸಹಿ ಹಾಕಿದ ಮೂರೂ ಚೀಟಿಗೆ ಮೂರು ಬೇರೆ ದೂರು ನಂಬರ್ ಇರುತ್ತದೆ. ಸಹಿ ಬಿದ್ದ ಕೂಡಲೇ ಆ ದೂರು ಮುಗಿಯಿತು ಅಂತ ಸಿಸ್ಟಮ್ಮಿನಲ್ಲಿ ಮುಚ್ಚುತ್ತಾರೆ. ನೀವು ಮತ್ತೆ ಕರೆ ಮಾಡಿದರೆ ಹೊಸ ನಂಬರ್, ಹೊಸ ಗಡಿಯಾರ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಕಾಣುವುದು ಏನು ಗೊತ್ತಾ? ಮೂರು ದೂರು, ಮೂರೂ ಹೊತ್ತಿಗೆ ಸರಿಯಾಗಿ ಮುಗಿದಿವೆ, ಎಲ್ಲಾ ಹಸಿರು. ಆರು ವಾರದಿಂದ ಒಂದೇ ರೋಗ ಅನ್ನುವುದು ಅಲ್ಲಿ ಎಲ್ಲೂ ಕಾಣಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ಮೂರೂ ನಂಬರ್ ಬರೆದು, "ಇವು ಮೂರೂ ಒಂದೇ ದೋಷ, ಒಂದೇ ದೂರಾಗಿ ನೋಡಬೇಕು, ಪರೀಕ್ಷೆ ಪಾಸಾಗುವ ತನಕ ಮುಚ್ಚಬಾರದು" ಅಂತ ಸೇರಿಸಿ. ಮ್ಯಾನೇಜರಿಗೂ ಇದರಿಂದ ಸಹಾಯ. ಹೊಸ ಬಿಡಿಭಾಗಕ್ಕೆ ಅನುಮತಿ ಕೇಳುವಾಗ ಅವರು ನಿಮ್ಮ ಇಮೇಲನ್ನೇ ಮೇಲಿನವರಿಗೆ ತೋರಿಸುತ್ತಾರೆ.

ಇನ್ನೊಂದು. ಯಾವುದನ್ನು ಒಪ್ಪಲಿಲ್ಲವೋ ಅದನ್ನೂ ಬರೆಯಿರಿ. ಹಾಲಿನ ನಷ್ಟದ ಬಗ್ಗೆ ಅವರು ನಿಜವಾಗಿ ಏನು ಅಂದರು?

ಹಾಲಿನಡೇರಿ_ಅಕ್ಕ

"ಅದು ನನ್ನ ಕೈಯಲ್ಲಿಲ್ಲ ಮೇಡಂ, ಅಗ್ರಿಮೆಂಟಿನಲ್ಲಿ ಇಲ್ಲ ಅನ್ಸುತ್ತೆ, ಕೇಳಿ ಹೇಳ್ತೀನಿ" ಅಂದರು.

ಸರ್ವಿಸ್_ಡೆಸ್ಕ್

ಅಷ್ಟೇ ಬರೆಯಿರಿ. "ನಷ್ಟದ ಬಗ್ಗೆ ಒಪ್ಪಿಗೆ ಆಗಿಲ್ಲ. 30,100 ರೂಪಾಯಿ ಕೇಳಿದ್ದೇವೆ. ಉತ್ತರಕ್ಕೆ ತಾರೀಕು ಕೊಟ್ಟಿಲ್ಲ." ನೀವು "ಮಾತಾಡುವುದಾಗಿ ಹೇಳಿದರು" ಅಂತ ಬರೆದರೆ ಅರ್ಧ ಒಪ್ಪಿದ ಹಾಗೆ ಕಾಣುತ್ತದೆ. ಅವರು ಅದೊಂದು ಸಾಲು ಹಿಡಿದು ಇಡೀ ಟಿಪ್ಪಣಿಯೇ ತಪ್ಪು ಅಂದುಬಿಡುತ್ತಾರೆ. ಆಗದ್ದನ್ನು ಆಗಿಲ್ಲ ಅಂತ ನೀವೇ ಬರೆದರೆ ಉಳಿದ ಸಾಲುಗಳಿಗೆ ತೂಕ ಬರುತ್ತದೆ.

ಮಂಡ್ಯದ_ಹುಡುಗ

ಇಷ್ಟೆಲ್ಲ ಯಾಕೆ? ಕಾಲ್ ರೆಕಾರ್ಡ್ ಮಾಡಿಟ್ಟುಕೊಂಡರೆ ಮುಗೀತಲ್ವಾ? ಕೋರ್ಟಿಗೆ ಹೋದರೆ ಅದೇ ಸಾಕ್ಷಿ.

ಕಡತ_ವಕೀಲರು

ತಮ್ಮಾ, ರೆಕಾರ್ಡಿಂಗ್ ಸಾಕ್ಷಿ ಆಗಬಹುದು, ಆದರೆ ಸುಮ್ನೆ ಫೋನು ತೋರಿಸಿದರೆ ಆಗಲ್ಲ. ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ತಜ್ಞರು ತುಂಬಬೇಕು. 22 ನಿಮಿಷದ ಮಾತನ್ನು ಕೂತು ಬರೆಯುವ ಕೆಲಸ ಬೇರೆ. ಅದಕ್ಕಿಂತ ಅವತ್ತೇ ಒಂದು ಮೇಲ್ ಹಾಕಿ, "ಇದರಲ್ಲಿ ತಪ್ಪಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ" ಅಂತ ಕೇಳಿ. ಅವರು "ಸರಿ" ಅಂತ ಒಂದು ಸಾಲು ಉತ್ತರ ಕೊಟ್ಟರೂ ಅದು ರೆಕಾರ್ಡಿಂಗಿಗಿಂತ ಕೆಲಸಕ್ಕೆ ಬರುತ್ತದೆ. ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಅಂತ ಮಾತ್ರ ತಿಳಿಯಬೇಡಿ. ಮತ್ತೊಮ್ಮೆ ಕೇಳಿ.

ಹಟ್ಟಿಮನೆ

ಗ್ರಾಹಕರ ಕೋರ್ಟಿಗೆ ಹಾಕಿ, 30,100 ಅಲ್ಲ, ಲಕ್ಷ ಕೊಡಿಸುತ್ತಾರೆ.

ಕಡತ_ವಕೀಲರು

ಅಷ್ಟು ಸುಲಭ ಇಲ್ಲ ಸ್ವಾಮಿ. ವ್ಯಾಪಾರದ ಉದ್ದೇಶಕ್ಕೆ ಕೊಂಡಿದ್ದು ಅಂತ ಕಂಪನಿಯವರು ಮೊದಲ ದಿನವೇ ಆಕ್ಷೇಪ ಎತ್ತುತ್ತಾರೆ. ರೈತರ ಸಹಕಾರ ಸಂಘಕ್ಕೆ ಅದು ಹೊಂದುತ್ತದೋ ಇಲ್ಲವೋ ಅನ್ನುವುದನ್ನು ವಾದ ಮಾಡಬೇಕಾಗುತ್ತದೆ. ಮೊದಲು ಅಗ್ರಿಮೆಂಟ್ ಓದಿ. ಪರೋಕ್ಷ ನಷ್ಟಕ್ಕೆ ಹೊಣೆಯಲ್ಲ ಅಂತ ಒಂದು ಕಲಂ ಇರುತ್ತದೆ. ಮೇಡಂ, ನಿಮ್ಮದು ಬಿಡಿಭಾಗ ಸೇರಿದ ವಾರ್ಷಿಕ ಸರ್ವಿಸ್ ಒಪ್ಪಂದವೋ, ಬರೀ ಕೂಲಿಯದೋ?

ಹಾಲಿನಡೇರಿ_ಅಕ್ಕ

ಬಿಡಿಭಾಗ ಸೇರಿದ್ದು ಸರ್. ವಾರಂಟಿ ಮುಗಿದ ಮೇಲೆ ಮಾಡಿಸಿದ್ದು. ಗ್ಯಾಸೂ ಸೇರಿದೆ. ಪರೋಕ್ಷ ನಷ್ಟದ ಕಲಂ ಇದೆ, ಈಗ ತಾನೇ ನೋಡಿದೆ.

ಕಡತ_ವಕೀಲರು

ಹಾಗಿದ್ದರೆ ಹಾಲಿನ ದುಡ್ಡಿನ ಮಾತು ಬೇರೆ ಪತ್ರದಲ್ಲಿ ಇರಲಿ. ರಿಪೇರಿಯ ತಾರೀಕಿಗೆ ಅದನ್ನು ಗಂಟು ಹಾಕಬೇಡಿ.

ಹಟ್ಟಿಮನೆ

ನಾನು ಒಪ್ಪಲ್ಲ. ದುಡ್ಡಿನ ಮಾತು ಬಿಟ್ಟರೆ ಅವರಿಗೆ ಭಯವೇ ಇರಲ್ಲ.

ಕಂಡೆನ್ಸರ್_ಅಣ್ಣ

ಭಯಕ್ಕಿಂತ ಮೊದಲು ಕೆಲಸ. "ಸರಿಪಡಿಸಿ ಕೊಡುತ್ತೇವೆ" ಅಂದರೆ ಏನು ಮಾಡಬೇಕು ಅನ್ನುವುದು ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಆ ಹುಡುಗ ನಾಲ್ಕನೇ ಸಲವೂ ಸಿಲಿಂಡರ್ ಮಾತ್ರ ಹೊತ್ತುಕೊಂಡು ಬರುತ್ತಾನೆ. ಸೋರಿಕೆ ಹುಡುಕುವುದಕ್ಕೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲಿಸಿ ನೋಡಬೇಕು. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಬೇಕು. ಸರಿ ಮಾಡಿದ ಮೇಲೆ ಮತ್ತೆ ಒತ್ತಡ ನಿಲ್ಲಿಸಿ, ಗೇಜು ಇಳಿಯಲಿಲ್ಲ ಅಂತ ಖಾತ್ರಿಯಾದ ಮೇಲೆ ವ್ಯಾಕ್ಯೂಮ್ ಎಳೆಯಬೇಕು. ಆಮೇಲೆ ಪ್ಲೇಟಿನ ಮೇಲೆ ಬರೆದಿರುವ ತೂಕದಷ್ಟೇ ಗ್ಯಾಸ್ ತಕ್ಕಡಿ ಇಟ್ಟು ತುಂಬಬೇಕು. ಅದಕ್ಕೆ ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪು, ತಕ್ಕಡಿ ಮೂರೂ ಗಾಡಿಯಲ್ಲಿ ಬರಬೇಕು. ನಿಮ್ಮಲ್ಲಿ ಯಾವ ಗ್ಯಾಸ್?

ಹಾಲಿನಡೇರಿ_ಅಕ್ಕ

ಪ್ಲೇಟಿನಲ್ಲಿ R404A ಅಂತಿದೆ. ಅದರ ಪಕ್ಕದಲ್ಲಿ 2BII ಅಂತಲೂ ಇದೆ.

ಕಂಡೆನ್ಸರ್_ಅಣ್ಣ

ಒಳ್ಳೆಯದಾಯಿತು. ಆ ಎರಡನೆಯದೇ ನಿಮ್ಮ ಅಳತೆಗೋಲು. ಮೊದಲಿನ 2 ಅಂದರೆ ಎರಡು ಹೊತ್ತಿನ ಹಾಲಿನ ತೊಟ್ಟಿ, ಒಂದು ಹೊತ್ತಿಗೆ ಅರ್ಧ ತುಂಬುವುದು. ಬಿ ಅಂದರೆ ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಕೆಲಸ ಮಾಡಬೇಕು. ಕೊನೆಯ II ಅಂದರೆ 35 ಡಿಗ್ರಿಯ ಹಾಲನ್ನು ಮೂರು ಗಂಟೆಯಲ್ಲಿ 4ಕ್ಕೆ ತರಬೇಕು. ನಿಮ್ಮ ಬೆಳಗಿನ 480 ಲೀಟರ್ ಖಾಲಿ ತೊಟ್ಟಿಗೆ ಬೀಳುತ್ತದೆ, ಅರ್ಧಕ್ಕಿಂತ ಕಡಿಮೆ. ಹಾಗಾಗಿ ರಿಪೇರಿ ಆದ ಮಾರನೇ ದಿನದ ಬೆಳಗಿನ ಹಾಲೇ ಪರೀಕ್ಷೆ. ಮೂರು ಗಂಟೆಯಲ್ಲಿ 4 ಡಿಗ್ರಿ ಬಂದರೆ ಪಾಸು. ಇದನ್ನು ಅವರೇ ಪ್ಲೇಟಿನ ಮೇಲೆ ಬರೆದು ಕೊಟ್ಟಿದ್ದಾರೆ, ಇಲ್ಲ ಅನ್ನಲಾರರು.

ಓದುವಾಗ ಪ್ಯಾನೆಲ್ ಒಂದನ್ನೇ ನಂಬಬೇಡಿ. ಕಲಕುವ ಮೋಟಾರ್ ತಿರುಗುತ್ತಿರಬೇಕು, ಬೇರೆ ಥರ್ಮಾಮೀಟರನ್ನೂ ಹಾಲಿಗೆ ಇಳಿಸಿ ನೋಡಿ. ಕಲಕದಿದ್ದರೆ ತಳದ ಹಾಲು ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ.

ಹಾಲಿನಡೇರಿ_ಅಕ್ಕ

ಎಲ್ಲರ ಮಾತು ಕೇಳಿ ಮ್ಯಾನೇಜರಿಗೆ ಮತ್ತೆ ಫೋನ್ ಮಾಡಿದೆ. ತಾರೀಕು ಕೇಳಿದ್ದಕ್ಕೆ ಮೊದಲು ತಡವರಿಸಿದರು. ಡಿಗ್ರಿ ಪುಸ್ತಕದ ಫೋಟೋ ಕಳಿಸಿದ ಮೇಲೆ ಒಪ್ಪಿದರು. ಈಗ ಹೀಗೆ ಬರೆದು ಕಳಿಸಿದ್ದೇನೆ:

"ಜೂನ್ 19ರಂದು ಸಂಜೆ 4:10ಕ್ಕೆ ಮತ್ತು 20ರಂದು ಮಧ್ಯಾಹ್ನ 12:30ಕ್ಕೆ ನಿಮ್ಮ ಜೊತೆ ಫೋನಿನಲ್ಲಿ ಆಡಿದ ಮಾತು.

ಕಂಡದ್ದು: ಜೂನ್ 16ರಂದು ಹಾಲು ಹಾಕಿ ಮುಗಿದ ಮೂರು ಗಂಟೆಗೆ 12 ಡಿಗ್ರಿ, 17ರಂದು 16 ಡಿಗ್ರಿ. 17ರ ರಾತ್ರಿ LP ದೀಪ ಹತ್ತಿ ಮಿಷನ್ ಪದೇ ಪದೇ ನಿಂತಿತು. ಸ್ಟೆಬಿಲೈಸರಿಗೆ ಒಳಗೆ 352, ಹೊರಗೆ 405, 398, 401 ವೋಲ್ಟ್. 18ರ ಬೆಳಿಗ್ಗೆ 17 ಡಿಗ್ರಿ, 860 ಲೀಟರ್ ತಿರಸ್ಕೃತ. ಮೇ 9, ಮೇ 27, ಜೂನ್ 11ರಂದು ಗ್ಯಾಸ್ ಹಾಕಲಾಗಿದೆ, ಸೋರಿಕೆ ಹುಡುಕಿಲ್ಲ. ಮೂರೂ ದೂರುಗಳನ್ನು ಒಂದೇ ದೋಷವಾಗಿ ನೋಡಲು ಒಪ್ಪಿದ್ದೀರಿ.

ಒಪ್ಪಿದ್ದು: ಜೂನ್ 21ರ ಬೆಳಿಗ್ಗೆ 11ರೊಳಗೆ ಇಂಜಿನಿಯರ್ ನೈಟ್ರೋಜನ್, ವ್ಯಾಕ್ಯೂಮ್ ಪಂಪು, ತಕ್ಕಡಿ ಸಮೇತ ಬರುತ್ತಾರೆ. ಸೋರುವ ಜಾಗ ಹುಡುಕಿ ಸರಿ ಮಾಡಿ, ಒತ್ತಡ ಪರೀಕ್ಷೆ ಮಾಡಿ, ತೂಕದಂತೆ ಗ್ಯಾಸ್ ತುಂಬುತ್ತಾರೆ. ಎಷ್ಟು ಕೇಜಿ ಅಂತ ಚೀಟಿಯಲ್ಲಿ ಬರೆಯುತ್ತಾರೆ. 22ರ ಬೆಳಗಿನ ಹಾಲಿನಲ್ಲಿ ಮೂರು ಗಂಟೆಗೆ 4 ಡಿಗ್ರಿ ಬಂದ ಮೇಲೆ ಮಾತ್ರ ದೂರು ಮುಚ್ಚಬೇಕು. ಬರದಿದ್ದರೆ 25ರೊಳಗೆ ಬದಲಿ ಕಂಡೆನ್ಸಿಂಗ್ ಯೂನಿಟ್ ತಾತ್ಕಾಲಿಕವಾಗಿ ಕೂರಿಸುತ್ತೀರಿ.

ಒಪ್ಪದ್ದು: 30,100 ರೂಪಾಯಿ ನಷ್ಟ. ಅಲ್ಲಿಯ ತನಕ ಹಾಲನ್ನು ಪಕ್ಕದ ಸಂಘದ ಬಿಎಂಸಿಗೆ ಕ್ಯಾನಿನಲ್ಲಿ ಸಾಗಿಸುವ ಬಾಡಿಗೆ. ಎರಡಕ್ಕೂ ಬೇರೆ ಪತ್ರ ಬರೆಯುತ್ತೇವೆ.

ಇದರಲ್ಲಿ ತಪ್ಪಿದ್ದರೆ ಇಂದು ಸಂಜೆ 6ರೊಳಗೆ ತಿಳಿಸಿ."

ಐದೂವರೆಗೆ ಉತ್ತರ ಬಂತು: "ಓಕೆ ಮೇಡಂ. 25ರ ಯೂನಿಟ್ ಸ್ಟಾಕ್ ಇದ್ದರೆ ಮಾತ್ರ."

ಸರ್ವಿಸ್_ಡೆಸ್ಕ್

ಆ "ಸ್ಟಾಕ್ ಇದ್ದರೆ" ಅನ್ನುವುದನ್ನು ಬಿಡಬೇಡಿ. ಇದೆಯೋ ಇಲ್ಲವೋ ಅಂತ 22ರೊಳಗೆ ಹೇಳಿ ಅಂತ ಈಗಲೇ ಕೇಳಿ. ಷರತ್ತು ಸೇರಿದರೆ ಅದಕ್ಕೂ ಒಂದು ತಾರೀಕು ಬೇಕು.

ಹಾಲಿನಡೇರಿ_ಅಕ್ಕ

ಕೇಳಿದೆ. 22ರ ಮಧ್ಯಾಹ್ನದೊಳಗೆ ಹೇಳುತ್ತಾರಂತೆ. ಅದನ್ನೂ ಇಮೇಲಿನಲ್ಲಿ ಹಾಕಿದೆ.

ಲಿಫ್ಟ್_ಕಮಿಟಿ

ಮೇಡಂ, ಈ ಮೂರು ಭಾಗದ ನಮೂನೆಯನ್ನು ನಮ್ಮ ಲಿಫ್ಟಿಗೂ ಬಳಸಿಕೊಳ್ಳುತ್ತೇನೆ. ಆದರೆ ನಮ್ಮ ಲಿಫ್ಟಿಗೆ ಪರೀಕ್ಷೆ ಯಾವುದು? ದೋಷ ಒಂದು ದಿನ ಬರುತ್ತದೆ, ನಾಲ್ಕು ದಿನ ಬರಲ್ಲ.

ಕರೆಂಟುಮನೆ

ಅಂಥದ್ದಕ್ಕೆ ದಿನ ಎಣಿಸಬೇಕು. ಇಷ್ಟು ದಿನ ಒಂದು ಸಲವೂ ಸಿಕ್ಕಿಹಾಕಿಕೊಳ್ಳಬಾರದು ಅಂತ. ಎಷ್ಟು ದಿನ ಅನ್ನುವುದರ ಮೇಲೆ ಜಗಳ ಆಗುತ್ತೆ, ಅದಂತೂ ಗ್ಯಾರಂಟಿ.

ಹಾಲಿನಡೇರಿ_ಅಕ್ಕ

ಜೂನ್ 22, ಮಧ್ಯಾಹ್ನ. ನಿನ್ನೆ ಬೇರೆ ಇಂಜಿನಿಯರ್ ಬಂದರು, 11:40ಕ್ಕೆ. ನಲವತ್ತು ನಿಮಿಷ ತಡ ಅಂತ ಬರೆದುಕೊಂಡೆ. ಮೂರೂ ಸಾಮಾನು ತಂದಿದ್ದರು. ಕಂಪ್ರೆಸರಿನ ಹಿಂದೆ, ಗೋಡೆ ಕಡೆ ಪೈಪ್ ಸೇರಿಸುವ ಒಂದು ಫ್ಲೇರ್ ನಟ್ಟಿನ ಕೆಳಗೆ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿತ್ತು. ನಾನೇ ಮೊಬೈಲ್ ಬೆಳಕು ಹಿಡಿದೆ. ಸೋಪಿನ ನೀರು ಹಚ್ಚಿದರು. ಮೊದಲು ಏನೂ ಇಲ್ಲ. ಒಂದು ನಿಮಿಷ ಕಳೆದ ಮೇಲೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಪೈಪಿನ ತುದಿಯಲ್ಲಿ ಕೂದಲೆಳೆಯ ಬಿರುಕು. ಆರು ವಾರ ನಮ್ಮನ್ನು ಕಾಡಿದ್ದು ಅದು.

ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು. ಪೈಪ್ ಅಲುಗದಂತೆ ಕ್ಲಾಂಪ್ ಹಾಕಿದರು. ಮಿಕ್ಕ ಗ್ಯಾಸ್ ತೆಗೆದು, ಪೂರ್ತಿ ಹೊಸದಾಗಿ ತೂಕ ಮಾಡಿ ತುಂಬಿದರು. ಚೀಟಿಯಲ್ಲಿ ಕೇಜಿ ಬರೆಸಿದೆ. ಸಹಿ ಮಾತ್ರ ನಿನ್ನೆ ಹಾಕಲಿಲ್ಲ, ನಾಳೆ ಹಾಲು ನೋಡಿ ಹಾಕುತ್ತೇನೆ ಅಂದೆ. ಅವರು ಒಪ್ಪಿದರು.

ಇವತ್ತು 8:05ಕ್ಕೆ 472 ಲೀಟರ್ ಹಾಕಿ ಮುಗಿಯಿತು. 10:45ಕ್ಕೆ ಪ್ಯಾನೆಲ್ಲಿನಲ್ಲಿ 4.0, ಕೈ ಥರ್ಮಾಮೀಟರಿನಲ್ಲಿ 4.3. 11:05ಕ್ಕೆ, ಮೂರು ಗಂಟೆ ತುಂಬಿದಾಗ, ಎರಡರಲ್ಲೂ 4ಕ್ಕಿಂತ ಕೆಳಗೆ ಇತ್ತು. ಆಮೇಲೆ ಸಹಿ ಹಾಕಿದೆ.

ಕಂಡೆನ್ಸರ್_ಅಣ್ಣ

ತುಂಬಾ ಸಂತೋಷ ಮೇಡಂ. ಒಂದು ತಿಂಗಳು ಆ ನಟ್ಟಿನ ಕೆಳಗೆ ಒಂದು ಬಿಳಿ ಕಾಗದ ಇಟ್ಟು ನೋಡುತ್ತಿರಿ. ಎಣ್ಣೆ ಕಲೆ ಬಿದ್ದರೆ ಡಿಗ್ರಿ ಏರುವ ಮೊದಲೇ ಗೊತ್ತಾಗುತ್ತದೆ.

ಹಟ್ಟಿಮನೆ

ದುಡ್ಡು?

ಹಾಲಿನಡೇರಿ_ಅಕ್ಕ

ಪತ್ರ ಇವತ್ತು ಸ್ಪೀಡ್ ಪೋಸ್ಟಿಗೆ ಹೋಯಿತು ಅಣ್ಣ. ಜೊತೆಗೆ ಈ ಟಿಪ್ಪಣಿ, ಟ್ಯಾಂಕರಿನವರು ಕೊಟ್ಟ ತಿರಸ್ಕಾರದ ಚೀಟಿ, ಮೂರು ಸರ್ವಿಸ್ ಚೀಟಿಯ ಪ್ರತಿ ಇಟ್ಟಿದ್ದೇನೆ. ಉತ್ತರಕ್ಕೆ 15 ದಿನ ಕೊಟ್ಟಿದ್ದೇನೆ.